ಐದು ಮೂಟೆಯ ಕೊರತೆ ಲೆಕ್ಕದಲ್ಲಿ ಎಲ್ಲಿ ಅಡಗಿದೆ

ಪ್ರಶ್ನೆ: ನಮ್ಮದು ಸಗಟು ದಿನಸಿ ಅಂಗಡಿ. ಮಾರ್ಚ್ 31ರಂದು ಸ್ಟಾಕ್ ಎಣಿಸಿದಾಗ ತೊಗರಿಬೇಳೆ 55 ಮೂಟೆ ಸಿಕ್ಕಿತು, ಕಂಪ್ಯೂಟರ್‌ನಲ್ಲಿ 60 ಎಂದಿದೆ. ಆದರೆ ಅಕೌಂಟೆಂಟ್ ಕೊಟ್ಟ ಲಾಭ-ನಷ್ಟ ಪಟ್ಟಿಯಲ್ಲಿ ಈ ನಷ್ಟ ಎಲ್ಲೂ ಕಾಣುತ್ತಿಲ್ಲ. ಅವರು ಬಿಟ್ಟುಬಿಟ್ಟಿದ್ದಾರೆಯೇ?

ಬಿಟ್ಟಿರುವ ಸಾಧ್ಯತೆ ಕಡಿಮೆ. ಅಂತಿಮ ದಾಸ್ತಾನನ್ನು 55 ಮೂಟೆ ಎಂದು ಹಿಡಿದಿದ್ದರೆ ನಷ್ಟ ಆಗಲೇ ಲೆಕ್ಕಕ್ಕೆ ಬಂದಿದೆ. ಅದಕ್ಕೆ ಪ್ರತ್ಯೇಕ ಹೆಸರಿಲ್ಲದ ಕಾರಣ ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ನೀವು ಬರೆದದ್ದನ್ನು ನೋಡಿದರೆ ನಿಮ್ಮಲ್ಲಿ ಎರಡು ಪದ್ಧತಿಗಳು ಒಟ್ಟಿಗೆ ನಡೆಯುತ್ತಿವೆ. ಮೂಟೆಗಳ ಸಂಖ್ಯೆಯನ್ನು ಕಂಪ್ಯೂಟರ್ ಪ್ರತಿ ಖರೀದಿಗೂ ಪ್ರತಿ ಬಿಲ್ಲಿಗೂ ಕೂಡಿಸಿ ಕಳೆಯುತ್ತಿದೆ. ಇದು ನಿರಂತರ ದಾಸ್ತಾನು ಪದ್ಧತಿ. ರೂಪಾಯಿಯ ಲೆಕ್ಕವನ್ನು ಮಾತ್ರ ವರ್ಷದ ಕೊನೆಯ ಎಣಿಕೆಯ ಮೇಲೆ ಕಟ್ಟಲಾಗಿದೆ; ಇದು ನಿಯತಕಾಲಿಕ ಪದ್ಧತಿ.

ಅಂಕಿಗಳನ್ನು ನಾನೇ ಊಹಿಸಿಕೊಂಡು ತೋರಿಸುತ್ತೇನೆ. ವರ್ಷದ ಆರಂಭದಲ್ಲಿ 40 ಮೂಟೆ ಇದ್ದವು, 360 ಮೂಟೆ ಖರೀದಿಯಾದವು, 340 ಮೂಟೆಗೆ ಬಿಲ್ಲಾಯಿತು ಎನ್ನೋಣ. ಮೂಟೆಯ ಖರೀದಿ ದರ ವರ್ಷವಿಡೀ 3,000 ರೂಪಾಯಿ, ಮಾರಾಟ ದರ 3,300 ರೂಪಾಯಿ ಇರಲಿ. ನಿಯತಕಾಲಿಕ ಪದ್ಧತಿಯಲ್ಲಿ ಆರಂಭಿಕ ದಾಸ್ತಾನು 1,20,000 ರೂಪಾಯಿಗೆ ಖರೀದಿಯ 10,80,000 ರೂಪಾಯಿ ಸೇರಿಸಿ, ಎಣಿಕೆಯಲ್ಲಿ ಸಿಕ್ಕ 55 ಮೂಟೆಯ ಬೆಲೆ 1,65,000 ರೂಪಾಯಿಯನ್ನು ಕಳೆಯುತ್ತಾರೆ. ಉಳಿದ 10,35,000 ರೂಪಾಯಿಯನ್ನು ‘ಮಾರಿದ ಸರಕಿನ ವೆಚ್ಚ’ ಎಂದು ಕರೆಯುತ್ತಾರೆ. ಆದರೆ ನಿಜವಾಗಿ ಬಿಲ್ಲಾದ 340 ಮೂಟೆಯ ವೆಚ್ಚ 10,20,000 ರೂಪಾಯಿ ಮಾತ್ರ. ಹೆಚ್ಚಾಗಿ ಬಂದಿರುವ 15,000 ರೂಪಾಯಿಯೇ ನಿಮ್ಮ ಐದು ಮೂಟೆ. ಗೋದಾಮಿನಲ್ಲಿ ಇಲ್ಲದ್ದೆಲ್ಲ ಮಾರಾಟವಾಗಿದೆ ಎಂದು ಈ ಪದ್ಧತಿ ಭಾವಿಸುತ್ತದೆ; ಕಳುವಾದದ್ದು, ಇಲಿ ತಿಂದದ್ದು, ಬಿಲ್ಲಿಲ್ಲದೆ ಹೋದದ್ದು ಎಲ್ಲವೂ ಅದೇ ಸಾಲಿನಲ್ಲಿ ಕರಗಿಹೋಗುತ್ತವೆ.

ಮಾರಾಟ 11,22,000 ರೂಪಾಯಿ ಆದ್ದರಿಂದ ಒಟ್ಟು ಲಾಭ 87,000 ರೂಪಾಯಿ, ಅಂದರೆ ಶೇ. 7.75 ಎಂದು ಕಾಣುತ್ತದೆ. ಪೂರ್ಣವಾಗಿ ನಿರಂತರ ಪದ್ಧತಿಯಲ್ಲೇ ಬರೆದಿದ್ದರೆ ಒಟ್ಟು ಲಾಭ 1,02,000 ರೂಪಾಯಿ, ಅಂದರೆ ಶೇ. 9.09 ಆಗಿ, ಅದರ ಕೆಳಗೆ ‘ದಾಸ್ತಾನು ಕೊರತೆ 15,000’ ಎಂಬ ಸಾಲು ಬರುತ್ತಿತ್ತು. ಕೊನೆಗೆ ಕೈಗೆ ಸಿಗುವ ಮೊತ್ತ ಎರಡರಲ್ಲೂ 87,000 ರೂಪಾಯಿಯೇ. ಆದರೂ ಈ ವ್ಯತ್ಯಾಸವನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ. ಮೊದಲ ಪಟ್ಟಿಯನ್ನು ಓದಿದ ಮಾಲೀಕರು ಲಾಭದ ಅಂಚು ಕುಸಿದಿದೆಯೆಂದು ಮಾರಾಟ ದರ ಏರಿಸಲು ಹೊರಡುತ್ತಾರೆ. ಎರಡನೆಯದನ್ನು ಓದಿದವರು ಗೋದಾಮಿನ ಬಾಗಿಲಿಗೆ ಹೋಗಿ ನೋಡುತ್ತಾರೆ.

ನೀವು ಬಳಸುತ್ತಿರುವುದು ಟ್ಯಾಲಿ ಆಗಿದ್ದರೆ ಇನ್ನೊಂದು ವಿಷಯ ತಿಳಿದಿರಲಿ. `Physical Stock` ವೋಚರಿನಲ್ಲಿ 55 ಎಂದು ದಾಖಲಿಸಿದರೆ ದಾಸ್ತಾನಿನ ಸಂಖ್ಯೆ ಸರಿಹೋಗುತ್ತದೆ, ಆದರೆ ಯಾವ ನಷ್ಟದ ಖಾತೆಗೂ ಮೊತ್ತ ಹೋಗುವುದಿಲ್ಲ. ಅಂತಿಮ ದಾಸ್ತಾನಿನ ಬೆಲೆ ಇಳಿದು ಒಟ್ಟು ಲಾಭವೇ ಕಡಿಮೆಯಾಗುತ್ತದೆ. ನಷ್ಟ ಪ್ರತ್ಯೇಕವಾಗಿ ಕಾಣಬೇಕಾದರೆ ‘ದಾಸ್ತಾನು ಕೊರತೆ’ ಖಾತೆಯನ್ನು ಪರೋಕ್ಷ ವೆಚ್ಚದ ಗುಂಪಿನಲ್ಲಿ ತೆರೆದು, ಅದಕ್ಕೆ ಡೆಬಿಟ್, ಖರೀದಿ ಖಾತೆಗೆ ಕ್ರೆಡಿಟ್ ಕೊಟ್ಟು ಒಂದು ಜರ್ನಲ್ ನಮೂದನ್ನು ನಾವೇ ಬರೆಯಬೇಕು. ನಿಮ್ಮ ಅಕೌಂಟೆಂಟರನ್ನು ಕೇಳಬೇಕಾದದ್ದು ಇದನ್ನೇ.

ಆದರೆ ಆ ನಮೂದನ್ನು ಇಂದೇ ಬರೆಸಬೇಡಿ. 60 ಮತ್ತು 55ರ ನಡುವಿನ ಅಂತರ ಪುಸ್ತಕಕ್ಕೂ ಗೋದಾಮಿಗೂ ಇರುವ ವ್ಯತ್ಯಾಸ ಮಾತ್ರ. ಅದರಲ್ಲಿ ಎಷ್ಟು ನಿಜವಾದ ನಷ್ಟ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ಲೆಕ್ಕ ನೋಡುವ ಒಂದು ಅಂಗಡಿಯಲ್ಲಿ ಹೀಗೆಯೇ ಐದು ಮೂಟೆ ಸಕ್ಕರೆ ಕಡಿಮೆ ಬಂದಾಗ, ಮಾಲೀಕರು ಆಗಲೇ ಹಮಾಲರ ಮೇಲೆ ಸಂಶಯಪಟ್ಟಿದ್ದರು. ನಾವು ಮಾರ್ಚ್ ಕೊನೆಯ ವಾರದ ಡೆಲಿವರಿ ಚೀಟಿಗಳನ್ನು ಬಿಲ್ಲುಗಳ ಪಕ್ಕದಲ್ಲಿಟ್ಟು ಒಂದೊಂದಾಗಿ ಹೊಂದಿಸಿದೆವು. 31ರ ಸಂಜೆ ಒಂದು ಹೋಟೆಲಿಗೆ ಎರಡು ಮೂಟೆ ಹೋಗಿತ್ತು, ಬಿಲ್ಲು ಏಪ್ರಿಲ್ 1ರ ದಿನಾಂಕದಲ್ಲಿತ್ತು. ಆಮೇಲೆ ಲಾರಿ ರಸೀದಿಗಳನ್ನು ನೋಡಿದಾಗ ಒಂದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ‘99’ ಎಂದು ಬರೆದು ಸುತ್ತು ಹಾಕಿತ್ತು. ಸರಬರಾಜುದಾರರ ಬಿಲ್ಲಿನಲ್ಲಿ 100 ಇತ್ತು, ಕಂಪ್ಯೂಟರಿಗೂ 100 ಎಂದೇ ಏರಿಸಿದ್ದರು. ಇಳಿಸಿಕೊಂಡವರು ಕೊರತೆಯನ್ನು ಪ್ರಾಮಾಣಿಕವಾಗಿ ಬರೆದಿಟ್ಟಿದ್ದರು, ಅದನ್ನು ಓದುವವರು ಇರಲಿಲ್ಲ. ಆ ಮಾಲೀಕರ ಸಂಶಯದ ಮಾತು ನನಗೆ ಈಗಲೂ ನೋವು ತರುತ್ತದೆ.

ನಿಮ್ಮಲ್ಲೂ ಇಷ್ಟೇ ಆಗಿದ್ದರೆ ಲೆಕ್ಕ ಹೇಗೆ ಬದಲಾಗುತ್ತದೆ ನೋಡಿ. ಬಿಲ್ಲಾಗದ ಎರಡು ಮೂಟೆಯನ್ನು ಮಾರ್ಚ್ ಮಾರಾಟಕ್ಕೆ ಸೇರಿಸಬೇಕು, ಬಾರದ ಒಂದು ಮೂಟೆಗೆ ಸರಬರಾಜುದಾರರಿಗೆ ಡೆಬಿಟ್ ನೋಟ್ ಕಳುಹಿಸಿ ಖರೀದಿಯಿಂದ ಕಳೆಯಬೇಕು. ಆಗ ಪುಸ್ತಕದ ಸಂಖ್ಯೆ 57ಕ್ಕೆ ಇಳಿಯುತ್ತದೆ. ಮಾರಾಟ 11,28,600 ರೂಪಾಯಿ, ಅದರ ವೆಚ್ಚ 10,26,000 ರೂಪಾಯಿ, ಒಟ್ಟು ಲಾಭ 1,02,600 ರೂಪಾಯಿ ಆಗುತ್ತದೆ. ನಿಜವಾದ ಕೊರತೆ ಎರಡು ಮೂಟೆ, 6,000 ರೂಪಾಯಿ. ಉಳಿಯುವುದು 87,000 ಅಲ್ಲ, 96,600 ರೂಪಾಯಿ.

ಕಂಪ್ಯೂಟರಿನ 60 ಎಂಬ ಅಂಕಿ ಇಲ್ಲದಿದ್ದರೆ ಈ ಹುಡುಕಾಟವನ್ನು ಆರಂಭಿಸುವುದಕ್ಕೇ ಕಾರಣವಿರುತ್ತಿರಲಿಲ್ಲ. ಬರಿಯ ನಿಯತಕಾಲಿಕ ಪದ್ಧತಿಯಲ್ಲಿ ಎಣಿಕೆಯೊಂದೇ ಸಾಕ್ಷಿ. ಅದನ್ನು ಹೋಲಿಸಿ ನೋಡಲು ಬೇರೆ ಸಂಖ್ಯೆ ಇರುವುದಿಲ್ಲ. ಎಣಿಸುವವರು ಮುಂದಿನ ಸಾಲನ್ನು ಎಣಿಸಿ, ಹಿಂದೆ ಎಷ್ಟು ಸಾಲಿವೆಯೋ ಅಷ್ಟರಿಂದ ಗುಣಿಸಿ, ಗೋಡೆಯ ಮೂಲೆಯಲ್ಲಿ ನಾಲ್ಕು ಮೂಟೆಯ ಜಾಗ ಖಾಲಿ ಇರುವುದನ್ನು ನೋಡದೆ ಹೋದರೆ, ಆ ನಾಲ್ಕು ಮೂಟೆಯ 12,000 ರೂಪಾಯಿ ನೇರವಾಗಿ ಈ ವರ್ಷದ ಲಾಭವಾಗುತ್ತದೆ. ಈ ವರ್ಷದ ಅಂತಿಮ ದಾಸ್ತಾನೇ ಬರುವ ವರ್ಷದ ಆರಂಭಿಕ ದಾಸ್ತಾನು ಆದ್ದರಿಂದ, ಅಲ್ಲಿ ಎಣಿಕೆ ಸರಿಯಾದರೆ ಅಷ್ಟೇ ಮೊತ್ತ ಲಾಭದಿಂದ ಇಳಿಯುತ್ತದೆ. ಒಂದು ವರ್ಷ ಲಾಭದ ಶೇಕಡಾವಾರು ಏರಿ, ಮರುವರ್ಷ ಸರಿಸುಮಾರು ಅಷ್ಟೇ ಇಳಿದಿದ್ದರೆ ನಾನು ಮೊದಲು ಅನುಮಾನಿಸುವುದು ಮಧ್ಯದ ಮಾರ್ಚ್ 31ರ ಎಣಿಕೆಯನ್ನು.

ತೆರಿಗೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕೊರತೆ ಬಂದದ್ದು ಜಿಎಸ್‌ಟಿ ಇರುವ ಸರಕಿನಲ್ಲಾದರೆ, ಉದಾಹರಣೆಗೆ ಸಾಬೂನಿನಲ್ಲಿ, ಕಳೆದುಹೋದ, ಕಳುವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದ ಇನ್‌ಪುಟ್ ತೆರಿಗೆಯನ್ನು ಸಿಜಿಎಸ್‌ಟಿ ಕಾಯ್ದೆಯ 17(5)(h) ಪ್ರಕಾರ ಹಿಂದಿರುಗಿಸಬೇಕಾಗುತ್ತದೆ. ಕೊರತೆಯು ಮಾರಿದ ಸರಕಿನ ವೆಚ್ಚದೊಳಗೆ ಕರಗಿದ್ದರೆ ಇದು ಯಾರ ಗಮನಕ್ಕೂ ಬರುವುದಿಲ್ಲ.

ಇನ್ನು ಉಳಿದ ಎರಡು ಮೂಟೆಯ ವಿಷಯ. ಅವು ಎಲ್ಲಿ ಹೋದವೆಂದು ಮಾರ್ಚ್ 31ರ ಎಣಿಕೆ ಹೇಳಲಾರದು, ಏಕೆಂದರೆ ಹಿಂದಿನ ಎಣಿಕೆಯಿಂದ ಇಲ್ಲಿಯವರೆಗಿನ 12 ತಿಂಗಳಲ್ಲಿ ಯಾವತ್ತಾದರೂ ಅವು ಹೋಗಿರಬಹುದು. ಕಂಪ್ಯೂಟರಿನಲ್ಲಿ ದಿನದ ಸಂಖ್ಯೆ ಸಿಗುವುದರಿಂದ ಇನ್ನು ಮುಂದೆ ಬೇಳೆ, ಸಕ್ಕರೆ, ಎಣ್ಣೆಯಂಥ ಹೆಚ್ಚು ಬೆಲೆಯ ನಾಲ್ಕೈದು ಸರಕನ್ನು ಮಾತ್ರ ಪ್ರತಿ ಶನಿವಾರ ಅಂಗಡಿ ಮುಚ್ಚಿದ ಮೇಲೆ ಎಣಿಸಿ. ಎಣಿಸುವವರ ಕೈಗೆ ಪುಸ್ತಕದ ಸಂಖ್ಯೆಯನ್ನು ಮೊದಲೇ ಕೊಡಬೇಡಿ. ಕೊಟ್ಟರೆ ಎಣಿಕೆ ಅದಕ್ಕೆ ತಾನಾಗಿ ಹೊಂದಿಕೊಂಡುಬಿಡುತ್ತದೆ. ವ್ಯತ್ಯಾಸ ಬಂದಾಗ ಒಂದು ವಾರದ ಚೀಟಿಗಳನ್ನು ತೆಗೆದು ನೋಡಿದರೆ ಸಾಕು.