ಕಾರು ಹೋಯಿತು, ವಿಮೆಯ ಹಣ ಬ್ಯಾಂಕಿಗೇಕೆ?

ಪ್ರಶ್ನೆ: ದೇವಿಮನೆ ಘಟ್ಟದಲ್ಲಿ ನಮ್ಮ ಕಾರು ಕಂದಕಕ್ಕೆ ಉರುಳಿತು. ಪ್ರೀಮಿಯಂ ಕಟ್ಟಿದ್ದು ನಾನು. ಆದರೆ ಕ್ಲೇಮಿನ ಹಣ ಸಾಲ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ ಎನ್ನುತ್ತಾರೆ. ಇದು ಸರಿಯೇ? ಕಂತು ಇನ್ನೂ ಕಟ್ಟಬೇಕೇ?
— ಶಿರಸಿಯ ಓದುಗರು

ಉತ್ತರ: ಸರಿ. ಆದರೆ ಬ್ಯಾಂಕಿಗೆ ಹೋಗುವುದು ಅದರ ಬಾಕಿಯಷ್ಟು ಮಾತ್ರ. ನಿಮ್ಮ ಆರ್‌ಸಿಯಲ್ಲಿ ಹೈಪೊಥಿಕೇಶನ್, ಅಂದರೆ ವಾಹನವೇ ಸಾಲಕ್ಕೆ ಅಡಮಾನ, ಎಂದು ಬ್ಯಾಂಕಿನ ಹೆಸರು ನಮೂದಾಗಿರುವುದು 1988ರ ಮೋಟಾರು ವಾಹನ ಕಾಯಿದೆಯ 51ನೇ ಕಲಮಿನಂತೆ. ಅದೇ ಹೆಸರು ಪಾಲಿಸಿಯಲ್ಲೂ ಇದ್ದರೆ, ದುರಸ್ತಿಯಿಂದ ಸರಿಹೋಗದ ನಷ್ಟದ ಹಣವನ್ನು ಬ್ಯಾಂಕಿಗೆ ಕೊಡಬೇಕೆಂಬ ಷರತ್ತು ಅದರ ಜೊತೆಗೇ ಬರುತ್ತದೆ. ಬಂಪರ್ ಒಡೆದಂಥ ಸಣ್ಣ ದುರಸ್ತಿಯಾಗಿದ್ದರೆ ಹಣ ಸಾಮಾನ್ಯವಾಗಿ ಗ್ಯಾರೇಜಿಗೇ ಹೋಗುತ್ತದೆ, ಬ್ಯಾಂಕಿನ ಮಾತೇ ಬರುವುದಿಲ್ಲ.

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡಿ. ಪಾಲಿಸಿಯಲ್ಲಿ ಬರೆದ ವಾಹನದ ಮೌಲ್ಯ, ಅಂದರೆ ಐಡಿವಿ, 5,60,000 ರೂಪಾಯಿ ಎಂದಿಟ್ಟುಕೊಳ್ಳಿ. ಸರ್ವೇಯರ್ ಅಂದಾಜಿಸಿದ ದುರಸ್ತಿ ವೆಚ್ಚ 4,75,000. ಇದು ಐಡಿವಿಯ ಶೇ. 75 ಅನ್ನು, ಎಂದರೆ 4,20,000 ರೂಪಾಯಿಯನ್ನು, ಮೀರುವುದರಿಂದ ವಾಹನವನ್ನು ಟೋಟಲ್ ಲಾಸ್, ಅಂದರೆ ಪೂರ್ಣ ನಷ್ಟ, ಎಂದು ಪರಿಗಣಿಸುತ್ತಾರೆ. ಐಡಿವಿಯಿಂದ, ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತ 1,000 ಕಳೆದು 5,59,000 ಉಳಿಯಿತು. ಸಾಲದ ಬಾಕಿ 3,92,000 ಇದ್ದರೆ ಬ್ಯಾಂಕಿಗೆ ಅಷ್ಟು ಹೋಗಿ, ನಿಮ್ಮ ಪಾಲಿಗೆ 1,67,000 ಬರುತ್ತದೆ. ಜಖಂಗೊಂಡ ಕಾರನ್ನು ನೀವೇ ಇಟ್ಟುಕೊಳ್ಳುವುದಾದರೆ ಅದರ ಸಾಲ್ವೇಜ್ ಮೌಲ್ಯವನ್ನು, ಅಂದರೆ ಜಖಂ ಸ್ಥಿತಿಯಲ್ಲಿ ಅದಕ್ಕೆ ಸಿಗುವ ಬೆಲೆಯನ್ನು, ಮೊದಲೇ ಕಳೆಯುತ್ತಾರೆ. ಆ ಕಡಿತವೂ ನಿಮ್ಮ ಪಾಲಿನಿಂದಲೇ ಆಗುತ್ತದೆ.

ಕಂತಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಾರೇ ಇಲ್ಲ, ಕಂತೇಕೆ ಎಂದು ನಿಲ್ಲಿಸಿದರೆ ಬಡ್ಡಿಯೂ ದಂಡವೂ ಬಾಕಿಗೆ ಸೇರಿ, ಬ್ಯಾಂಕಿನ ಅಂಕಿ ಏರಿದಷ್ಟು ನಿಮ್ಮ 1,67,000 ಕರಗುತ್ತದೆ. ಕಟ್ಟುತ್ತ ಹೋದರೆ ಅಸಲು ಇಳಿದಷ್ಟು ನಿಮ್ಮ ಪಾಲು ಏರುತ್ತದೆ. ಆದ್ದರಿಂದ ಕ್ಲೇಮ್ ಇತ್ಯರ್ಥವಾಗುವವರೆಗೆ ಕಂತು ತಪ್ಪಿಸಬೇಡಿ. ಬಾಕಿ ಕ್ಲೇಮಿಗಿಂತ ಹೆಚ್ಚಿದ್ದರೆ, ಉಳಿದ ಸಾಲವೂ ನಿಮ್ಮ ಮೇಲೆಯೇ ನಿಲ್ಲುತ್ತದೆ ಎಂಬುದನ್ನೂ ಮನಸ್ಸಿನಲ್ಲಿಡಿ.

ಈಗ ಬ್ಯಾಂಕಿನ ಶಾಖೆಗೆ ಹೋಗಿ, ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕೆಂದು ತಿಳಿಸುವ ಫೋರ್‌ಕ್ಲೋಸರ್ ಪತ್ರ ಕೇಳಿ. ಅದರಲ್ಲಿ ಬಾಕಿ ಮೊತ್ತ, ಅದು ಯಾವ ದಿನಾಂಕದವರೆಗೆ ಸಲ್ಲುತ್ತದೆ ಎಂಬುದು ಮತ್ತು ಸಾಲದ ಖಾತೆಯ ಸಂಖ್ಯೆ ಇರಬೇಕು. ಆ ದಿನಾಂಕ ಮೀರಿ ಹಣ ಬಂದರೆ ಕೆಲವು ದಿನಗಳ ಬಡ್ಡಿ ಬಾಕಿಯಾಗಿ ಉಳಿದು, ಸಾಲ ಮುಗಿಯದೆ ಎನ್‌ಒಸಿ, ಅಂದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ನಿಲ್ಲುತ್ತದೆ. ಹಾಗಾಗಿ ವಿಮಾ ಕಂಪನಿ ಮೊತ್ತ ಒಪ್ಪಿದ ಬಳಿಕ ಹೊಸ ಪತ್ರ ತೆಗೆಸಿರಿ. ಹಣ ಸಂದ ಮೇಲೆ ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿ ಹಾಕಿದ ಫಾರ್ಮ್ 35 ಪಡೆಯಿರಿ. ಅವುಗಳಿಲ್ಲದೆ ಶಿರಸಿಯ ಸಾರಿಗೆ ಕಚೇರಿಯಲ್ಲಿ ಹೈಪೊಥಿಕೇಶನ್ ಅಳಿಯುವುದಿಲ್ಲ, ಆ ನಮೂದು ಇರುವವರೆಗೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಜಖಂ ವಾಹನವನ್ನು ಯಾರ ಹೆಸರಿಗೂ ವರ್ಗಾಯಿಸಲು ಬರುವುದಿಲ್ಲ.