ಸಂವಿಧಾನದ 21ನೇ ವಿಧಿಯಲ್ಲಿ ನೀರಿನ ಮಾತೇ ಇಲ್ಲ, ಶುದ್ಧ ನೀರು ಹಕ್ಕಾಗಿದ್ದು ಹೇಗೆ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮೂರ ತೋಡಿಗೆ ಕಾಫಿ ಪಲ್ಪಿಂಗ್ ನೀರು ಬಿಡ್ತಾರೆ. 21ನೇ ವಿಧಿ ಇಲ್ಲಿ ಹೇಗೆ ಬರುತ್ತೆ? ಅದರಲ್ಲಿ ನೀರಿನ ಮಾತೇ ಇಲ್ವಲ್ಲ?

ಉತ್ತರ: ಕಾನೂನು ಹೇಳಿದ ವಿಧಾನದಲ್ಲಿ ಬಿಟ್ಟು ಬೇರೆ ರೀತಿಯಲ್ಲಿ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದು. ಆ ವಿಧಿ ಹೇಳುವುದು ಇಷ್ಟೇ.

1950ರ ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರಾ ಕಿರಿದಾಗಿ ಓದಿತು. ಶಾಸಕಾಂಗ ಮಾಡಿದ ಕಾನೂನು ಒಂದಿದ್ದರೆ ಸಾಕು, ಅದು ನ್ಯಾಯವೇ ಎಂದು ಕೇಳುವ ಹಾಗಿಲ್ಲ ಎಂದಿತು. 1977ರಲ್ಲಿ ಸರ್ಕಾರ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಕಿತ್ತುಕೊಂಡಿತು, ಕಾರಣ ಕೇಳಿದರೆ ಕೊಡಲಿಲ್ಲ. 1978ರ ತೀರ್ಪು ಹಳೆಯ ಓದನ್ನು ತಿರುಗಿಸಿತು: ವಿಧಾನ ನ್ಯಾಯಯುತವಾಗಿರಬೇಕು, ಮನಸ್ಸಿಗೆ ಬಂದ ಹಾಗಿರಬಾರದು. ಬಾಗಿಲು ತೆರೆದದ್ದು ಅಲ್ಲಿ. ಆಮೇಲೆ ‘ಜೀವ’ ಅಂದರೆ ಸುಮ್ನೆ ಉಸಿರಾಡುವುದಲ್ಲ, ಘನತೆಯಿಂದ ಬದುಕುವುದು ಎಂದಾಯಿತು.

ನೀರಿನ ಮಾತು ಬಂದದ್ದು 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ. ಮಾಲಿನ್ಯವಿಲ್ಲದ ನೀರು, ಗಾಳಿ ಜೀವಿಸುವ ಹಕ್ಕಿನ ಭಾಗ ಎಂದಿತು ಕೋರ್ಟ್. ತಮಾಷೆ ಏನೆಂದರೆ, ಆ ಅರ್ಜಿಯೇ ವಜಾ ಆಯಿತು! ಅರ್ಜಿದಾರರಿಗೆ ಇದ್ದದ್ದು ಸ್ವಂತ ಲಾಭದ ಉದ್ದೇಶ ಎಂದು ಕೋರ್ಟ್ ಕಂಡುಕೊಂಡಿತು.

ಹಾಗಾಗಿ ನೇರ ಹೈಕೋರ್ಟಿಗೆ ಓಡಬೇಡಿ. ನೀರಿನ ಬಣ್ಣ, ವಾಸನೆ ಬದಲಾದ ದಿನವೇ ದಿನಾಂಕ ಸಹಿತ ಫೋಟೊ ತೆಗೆದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಂಡಳಿ ಸುಮ್ಮನಿದ್ದರೆ, 226ನೇ ವಿಧಿಯಡಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಗೆ ಆ ಸ್ವೀಕೃತಿಯೇ ಆಧಾರವಾಗುತ್ತದೆ.