ಡೊಮೇನ್ ಕೊಂಡಾಯ್ತು, ಫ್ರೀ ಸೈಟ್‌ಗೆ ಹಾಕಲು ಬಿಡುತ್ತಿಲ್ಲ

ಪ್ರಶ್ನೆ: ಮನೆಯಲ್ಲೇ ಚಟ್ನಿಪುಡಿ, ಸಾಂಬಾರ್ ಪುಡಿ ಮಾಡಿ ಮಾರುತ್ತೇವೆ. ವಿಕ್ಸ್‌ನಲ್ಲಿ ಫ್ರೀಯಾಗಿ ವೆಬ್‌ಸೈಟ್ ಮಾಡಿದೆ. ಬೇರೆ ಕಡೆ ದುಡ್ಡು ಕೊಟ್ಟು ಡೊಮೇನ್ ತಗೊಂಡೆ. ಜೋಡಿಸಲು ಹೋದರೆ ‘ಪ್ಲಾನ್ ತಗೊಳ್ಳಿ’ ಅನ್ನುತ್ತಿದೆ. ನನ್ನ ದುಡ್ಡು ದಂಡವಾಯಿತಾ?
– ಓದುಗರೊಬ್ಬರು, ಧಾರವಾಡ

ಉತ್ತರ: ದಂಡವಾಗಿಲ್ಲ ಬಿಡಿ. ಡೊಮೇನ್ ಅಂದರೆ ಬರೀ ಅಂಗಡಿಯ ಬೋರ್ಡು. ಬೋರ್ಡಿಗೆ ಕೊಟ್ಟ ದುಡ್ಡು ಬೇರೆ, ಮಳಿಗೆಯ ಬಾಡಿಗೆ ಬೇರೆ. ವಿಕ್ಸ್ ಮಳಿಗೆಯನ್ನು ಪುಕ್ಕಟೆ ಕೊಡುತ್ತದೆ, ಆದರೆ ನಿಮ್ಮ ಬೋರ್ಡು ಹಾಕಲು ಬಿಡುವುದಿಲ್ಲ. ವಿಳಾಸದಲ್ಲಿ wixsite.com ಇದ್ದೇ ಇರುತ್ತದೆ, ಪುಟದ ಮೇಲೆ ಅವರದೊಂದು ಜಾಹೀರಾತು ಪಟ್ಟಿಯೂ ಬರುತ್ತದೆ. WordPress.com ಫ್ರೀ ಪ್ಲಾನ್‌ನಲ್ಲಿ ಇನ್ನೊಂದು ತಾಪತ್ರಯ: ಬೇರೆಯವರ ಜಾಹೀರಾತು. ನಿಮ್ಮ ಚಟ್ನಿಪುಡಿ ಪಕ್ಕದಲ್ಲಿ ಇನ್ಯಾರದೋ ಮಸಾಲೆ ಬಂದರೆ ಕಷ್ಟ ಅಲ್ವಾ? ನೀವು ಲಾಗಿನ್ ಆಗಿದ್ದರೆ ಅದು ನಿಮಗೆ ಕಾಣದೇ ಇರಬಹುದು. ಫೋನಿನಲ್ಲಿ ಇನ್‌ಕಾಗ್ನಿಟೊ ತೆರೆದು ನೋಡಿ, ಗಿರಾಕಿ ನೋಡುವುದು ಅದನ್ನೇ.

ಈಗಿನ ಮಟ್ಟಿಗೆ, ಡೊಮೇನ್ ಕೊಂಡ ಕಡೆ ಫಾರ್ವರ್ಡಿಂಗ್ ಇದೆಯಾ ನೋಡಿ. ನಿಮ್ಮ ಹೆಸರು ಟೈಪ್ ಮಾಡಿದವರು ನೇರ ವಿಕ್ಸ್ ಪುಟಕ್ಕೆ ಬರುತ್ತಾರೆ. ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಲು ಇಷ್ಟು ಸಾಕು. ಬಂದ ಮೇಲೆ ವಿಳಾಸ ಮತ್ತೆ wixsite.com ಆಗುತ್ತದೆ, ಪಟ್ಟಿಯೂ ಹೋಗುವುದಿಲ್ಲ.

ನನ್ನನ್ನು ಕೇಳಿದರೆ ಗೂಗಲ್ ಸೈಟ್ಸ್‌ಗೆ ಹೋಗಿ. ಅಲ್ಲಿ ಜಾಹೀರಾತಿಲ್ಲ, ಸ್ವಂತ ಡೊಮೇನ್ ಜೋಡಿಸಲು ದುಡ್ಡೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ Custom domains ಒತ್ತಿ, www ಸಮೇತ ನಿಮ್ಮ ವಿಳಾಸ ಕೊಡಿ. ಡೊಮೇನ್ ನಿಮ್ಮದೇ ಅಂತ ತೋರಿಸಲು ಒಂದು TXT ಸಾಲು ಕೇಳುತ್ತದೆ. ಅದನ್ನು ಡೊಮೇನ್ ಕೊಂಡ ಕಡೆಯ DNS ಪುಟದಲ್ಲಿ ಅಂಟಿಸಿ. ಆಮೇಲೆ ಅಲ್ಲೇ ಇನ್ನೊಂದು ಸಾಲು:

```
www   CNAME   ghs.googlehosted.com
```

ಕೂಡಲೇ ತೆರೆಯದಿದ್ದರೆ ಗಾಬರಿ ಬೇಡ, ಕೆಲವು ಗಂಟೆ ಹಿಡಿಯಬಹುದು. www ಹಾಕಿದರೆ ತೆರೆದು, ಹಾಕದಿದ್ದರೆ ತೆರೆಯುತ್ತಿಲ್ಲ ಅಂದರೆ, ಬರೀ ಹೆಸರನ್ನು www ವಿಳಾಸಕ್ಕೆ ಫಾರ್ವರ್ಡ್ ಮಾಡಿ.

ವಿಕ್ಸ್ ಪುಟವನ್ನು ಇಡಿಯಾಗಿ ಎತ್ತಿಕೊಂಡು ಹೋಗಲು ಆಗುವುದಿಲ್ಲ. ಬರಹ, ಫೋಟೊ ಎಲ್ಲ ಕೈಯಾರೆ ಸಾಗಿಸಬೇಕು. ಹತ್ತು ಪುಡಿ ಇರುವಾಗ ಒಂದು ಸಂಜೆಯ ಕೆಲಸ, ನೂರಾದ ಮೇಲೆ ಬೇಡ ಅನಿಸುತ್ತದೆ.

ಗೂಗಲ್ ಸೈಟ್ಸ್‌ನಲ್ಲಿ ಕಾರ್ಟ್, ಪೇಮೆಂಟ್ ಇಲ್ಲ. ಪ್ರತಿ ಪುಡಿಯ ಕೆಳಗೆ ಒಂದು ಬಟನ್ ಇಟ್ಟು, wa.me/91 ಆದಮೇಲೆ ನಿಮ್ಮ ನಂಬರ್ ಸೇರಿಸಿ ಲಿಂಕ್ ಕೊಡಿ. ಆರ್ಡರ್ ವಾಟ್ಸ್ಆ್ಯಪ್‌ಗೆ ಬರುತ್ತದೆ. ಆರ್ಡರ್ ಬರೆದಿಟ್ಟುಕೊಳ್ಳಲು ಆಗದಷ್ಟು ಬರಲು ಶುರುವಾದಾಗ ಪೇಯ್ಡ್ ಪ್ಲಾನ್ ಯೋಚಿಸಿ. ಆಗ ‘ಮೊದಲ ವರ್ಷ ಡೊಮೇನ್ ಫ್ರೀ’ ಅಂತ ಕಂಡರೆ ಎರಡನೇ ವರ್ಷದ ದರ ನೋಡಿ. ನಿಮ್ಮ ಹತ್ತಿರ ಡೊಮೇನ್ ಈಗಾಗಲೇ ಇದೆ, ಆ ಫ್ರೀ ನಿಮಗೆ ಲಾಭವೇ ಅಲ್ಲ.